ನಿರ್ದೇಶಕರ ಪತ್ನಿಯ ಗೋದಾಮು ಬಾಡಿಗೆಗೆ: ಮಿನಿಟ್ಸ್ ಅನ್ನು ಆಡಿಟರ್ ಒಪ್ಪುತ್ತಿಲ್ಲ

ಪೀಣ್ಯ_ಲೆಕ್ಕಪತ್ರ: ನಮ್ಮದು ಷೇರು ಮಾರುಕಟ್ಟೆಯಲ್ಲಿ ನೋಂದಾಯಿಸದ ಪಬ್ಲಿಕ್ ಕಂಪನಿ, ನಿರ್ದೇಶಕರು ಮೂವರು. ಒಬ್ಬರ ಪತ್ನಿಯ 6,000 ಚದರಡಿ ಗೋದಾಮನ್ನು ಚದರಡಿಗೆ 22 ರೂಪಾಯಿಯಂತೆ, ತಿಂಗಳಿಗೆ 1,32,000 ರೂಪಾಯಿಗೆ ಪಡೆಯಲು ಮಂಡಳಿ ಒಪ್ಪಿತು. ಎಂಟು ದಿನಗಳ ನಂತರ ಕರಾರಿಗೆ ಸಹಿಯೂ ಆಯಿತು. "ಬಾಡಿಗೆ ನ್ಯಾಯಸಮ್ಮತವಾಗಿದ್ದು, ಮಂಡಳಿಯು ಸರ್ವಾನುಮತದಿಂದ ಅಂಗೀಕರಿಸಿತು" ಎಂದು ನಾನು ಬರೆದ ಕರಡನ್ನು ಆಡಿಟರ್ ಹಿಂದಿರುಗಿಸಿದ್ದಾರೆ. ತಪ್ಪೆಲ್ಲಿದೆ?

ಹಳೆಯ_ಕಡತ: ಗೋದಾಮು ಪತ್ನಿಯದಾದ್ದರಿಂದ ಆ ನಿರ್ದೇಶಕರು ಚರ್ಚೆಯಿಂದ ಹೊರಗಿರಬೇಕು. ಇನ್ನೊಬ್ಬ ನಿರ್ದೇಶಕರು ಅವರ ತಮ್ಮನೇ ಆಗಿದ್ದರೆ ಅವರೂ ಹೊರಗಿರಬೇಕು. ಆಗ ಉಳಿಯುವವರು ಒಬ್ಬರೇ ಆದ್ದರಿಂದ ಕೋರಂ ಇರುವುದಿಲ್ಲ.

ಪೀಣ್ಯ_ಲೆಕ್ಕಪತ್ರ: ಹೌದು, ತಮ್ಮನೇ.

ಸಾಗರ_ಸಿಎಸ್: ಪತಿಯ ವಿಷಯದಲ್ಲಿ ಹಳೆಯ ಕಡತದವರ ಮಾತು ಸರಿ. ಆದರೆ ಕಂಪನಿ ಕಾಯ್ದೆಯ ಸಂಬಂಧಿಕರ ಪಟ್ಟಿಯಲ್ಲಿ ಅಣ್ಣ-ತಮ್ಮಂದಿರಿದ್ದಾರೆ, ಅಣ್ಣನ ಹೆಂಡತಿ ಇಲ್ಲ. ತಮ್ಮ ಮತ್ತು ಅತ್ತಿಗೆ ಒಂದೇ ಅವಿಭಕ್ತ ಹಿಂದೂ ಕುಟುಂಬದ ಸದಸ್ಯರಾಗಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಅದನ್ನು ಮೊದಲು ವಿಚಾರಿಸಿ. ಹಾಗಿಲ್ಲದಿದ್ದರೆ ತಮ್ಮ ಮತ್ತು ಮೂರನೆಯವರು ಸೇರಿ ಇಬ್ಬರಾಗುತ್ತಾರೆ, ಕೋರಂ ಉಳಿಯುತ್ತದೆ.

ನಿಮ್ಮ ಕರಡಿನ ನಿಜವಾದ ದೋಷ "ಸರ್ವಾನುಮತ" ಎಂಬ ಪದದಲ್ಲಿದೆ, ಏಕೆಂದರೆ ಪತಿಯೂ ಮತ ಹಾಕಿದರೆಂದೇ ಅದರ ಅರ್ಥ. ಅವರು ತಮ್ಮ ಹಿತಾಸಕ್ತಿಯನ್ನು ತಿಳಿಸಿದ್ದು, ಚರ್ಚೆಗೆ ಮುನ್ನ ಕೊಠಡಿಯಿಂದ ಹೊರಹೋದದ್ದು, ನಿರ್ಣಯದ ನಂತರ ಮರಳಿದ್ದು, ಈ ಕ್ರಮದಲ್ಲೇ ದಾಖಲಾಗಬೇಕು. "ನ್ಯಾಯಸಮ್ಮತ" ಎಂಬುದಕ್ಕೂ ಆಧಾರ ಬೇಕು. ಸಭೆಯ ಮುಂದೆ ಏನಿತ್ತು?

ಪೀಣ್ಯ_ಲೆಕ್ಕಪತ್ರ: ಅದೇ ರಸ್ತೆಯ ಎರಡು ಗೋದಾಮುಗಳ ದರಪತ್ರಗಳಿದ್ದವು: 21 ಮತ್ತು 24 ರೂಪಾಯಿ. 21ರದ್ದಕ್ಕೆ ಲಾರಿ ಹಿಂದಕ್ಕೆ ಬರಲು ಜಾಗವಿಲ್ಲ.

ಸಾಗರ_ಸಿಎಸ್: ಹಾಗಾದರೆ ಅದನ್ನೇ ಬರೆಯಿರಿ: "ಶ್ರೀ … ಅವರು ಗೋದಾಮು ತಮ್ಮ ಪತ್ನಿಯದೆಂದು ತಿಳಿಸಿ, ಚರ್ಚೆಗೆ ಮುನ್ನ ಸಭೆಯಿಂದ ಹೊರನಡೆದರು. ಉಳಿದ ಇಬ್ಬರು ನಿರ್ದೇಶಕರು ಅದೇ ರಸ್ತೆಯ ಎರಡು ದರಪತ್ರಗಳನ್ನು (ಚದರಡಿಗೆ 21 ಮತ್ತು 24 ರೂಪಾಯಿ) ಪರಿಶೀಲಿಸಿ, ಕಡಿಮೆ ದರದ ಗೋದಾಮಿನಲ್ಲಿ ಲಾರಿ ಹಿಂದಕ್ಕೆ ಬರಲು ಸ್ಥಳವಿಲ್ಲದಿರುವುದನ್ನು ಗಮನಿಸಿ, 22 ರೂಪಾಯಿ ದರವನ್ನು ಅನುಮೋದಿಸಿದರು."

ಮಲೆನಾಡ_ಉದ್ಯಮಿ: ನಮ್ಮಲ್ಲಿ ಅಂಥ ನಿರ್ದೇಶಕರು ಕೂತೇ ಇರುತ್ತಾರೆ. 2015ರ ಅಧಿಸೂಚನೆಯಲ್ಲಿ ವಿನಾಯಿತಿ ಇದೆಯಲ್ಲ?

ಸಾಗರ_ಸಿಎಸ್: ಅದು ಪ್ರೈವೇಟ್ ಕಂಪನಿಗಳಿಗೆ, ಅದೂ ಹಿತಾಸಕ್ತಿಯನ್ನು ತಿಳಿಸಿದ ನಂತರ. ಅವುಗಳಲ್ಲಿಯೂ ಮಂಡಳಿ ಸಭೆಗಳ ನಿಯಮಾವಳಿಯ 15(2)ನೇ ನಿಯಮ "ಹಾಜರಿರಬಾರದು" ಎನ್ನುತ್ತದೆ. ಯಾವುದು ಮೇಲು ಎಂಬ ಬಗ್ಗೆ ಒಮ್ಮತವಿಲ್ಲ. ನಾನಂತೂ ಹೊರಗೆ ಕಳುಹಿಸುತ್ತೇನೆ.

ಪೀಣ್ಯ_ಲೆಕ್ಕಪತ್ರ: ಒಂದು ವಿಷಯ ಹೇಳಿರಲಿಲ್ಲ. ಪತಿ ಮತ ಹಾಕಲಿಲ್ಲ, ಆದರೆ ಹೊರಗೂ ಹೋಗಲಿಲ್ಲ.

ಸಾಗರ_ಸಿಎಸ್: ಹಾಗಿದ್ದರೆ ನಾನು ಕೊಟ್ಟ ಮಾದರಿಯನ್ನು ಈ ಸಭೆಗೆ ಬಳಸಲೇಬೇಡಿ. ನಡೆಯದ ನಿರ್ಗಮನವನ್ನು ಬರೆದರೆ ಇಡೀ ದಾಖಲೆಯೇ ಸುಳ್ಳಾಗುತ್ತದೆ. ಅವರು ಹಾಜರಿದ್ದರು, ಮತ ಹಾಕಲಿಲ್ಲ ಎಂದು ಇದ್ದಂತೆಯೇ ದಾಖಲಿಸಿ. ಕರಾರಾದ ದಿನದಿಂದ ಮೂರು ತಿಂಗಳೊಳಗೆ ವಿಷಯವನ್ನು ಮತ್ತೊಮ್ಮೆ ಅಜೆಂಡಾಗೆ ತಂದು, ಅವರನ್ನು ಹೊರಗಿರಿಸಿ, ಅದೇ ದರಪತ್ರಗಳನ್ನು ಮುಂದಿಟ್ಟು, ಕಾಯ್ದೆಯ 188(3)ನೇ ಕಲಮಿನ ಅಡಿಯಲ್ಲಿ ಸ್ಥಿರೀಕರಿಸಿ. ಮಾದರಿ ಆ ಸಭೆಗೆ ಹೊಂದುತ್ತದೆ.

ಹಳೆಯ_ಕಡತ: ಮೊದಲ ಒಪ್ಪಿಗೆ ಅಸಿಂಧುವೇ?

ಸಾಗರ_ಸಿಎಸ್: ಅದನ್ನು ಖಚಿತವಾಗಿ ಹೇಳಲಾರೆ. ಆ ವಾದಕ್ಕೆ ಎಡೆಯಾಗದಿರಲೆಂದೇ ಎರಡನೆಯ ಸಭೆ.