ಅಪ್‌ಡೇಟ್: ಕೈಗೆ ಬರುವ ಸಂಬಳವೇ ವಿಡಿಯೊದ ಮೊದಲ ಸಾಲು

ನನ್ನ ಪ್ರಶ್ನೆ: ಪೀಣ್ಯದ ನಮ್ಮ ಚಿಕ್ಕ ಕಾರ್ಖಾನೆಗೆ ಕಂಪ್ಯೂಟರ್ ನಿಯಂತ್ರಿತ ಯಂತ್ರ ನಡೆಸುವ ಸಿಎನ್‌ಸಿ ಆಪರೇಟರ್‌ಗಳು ಬೇಕು, ನೇಮಕಾತಿ ವಿಡಿಯೊದಲ್ಲಿ ಸಂಬಳವನ್ನು ಹೇಗೆ ಹೇಳಲಿ?

ಅಪ್‌ಡೇಟ್: ಸ್ಕ್ರಿಪ್ಟ್ ಹೀಗೆ ಶುರುವಾಗುತ್ತದೆ: “ಕೈಗೆ ತಿಂಗಳಿಗೆ 18,170 ರೂಪಾಯಿ. ಒಟ್ಟು ಸಂಬಳ 20,000. ಅದರಲ್ಲಿ ಮೂಲ ವೇತನ, ತುಟ್ಟಿಭತ್ಯೆ ಸೇರಿ 14,000. ಇದರ ಶೇ 12ರಂತೆ ಪಿಎಫ್ 1,680, ಒಟ್ಟು ಸಂಬಳದ ಶೇ 0.75ರಂತೆ ಇಎಸ್‌ಐ 150 ಕಡಿತವಾಗುತ್ತದೆ. ಓವರ್‌ಟೈಮ್‌ಗೆ ದುಪ್ಪಟ್ಟು ದರ.”

ಮುಂದಿನ ಮಾತು ನಮ್ಮ ಹಿರಿಯ ಆಪರೇಟರ್‌ ಅವರದು: “ರಾತ್ರಿ ಪಾಳಿ ಇದೆ. ನಿಂತೇ ಕೆಲಸ. ಕೂಲೆಂಟ್ ಕೈಗೆ ತಾಗುತ್ತದೆ.” ಈ ಸಾಲುಗಳನ್ನು ತೆಗೆಯಲು ನಾನು ಒಪ್ಪಲಿಲ್ಲ, ಸೇರಿದ ಮೇಲೆ ತಿಳಿದರೆ ನುರಿತವರೇ ಮೊದಲು ಬಿಟ್ಟುಹೋಗುತ್ತಾರೆ. ಈಗ ಕರೆ ಮಾಡುವವರು ಕೆಲಸದ ಬಗ್ಗೆಯೇ ಕೇಳುತ್ತಾರೆ: ಯಂತ್ರದಲ್ಲಿ ಯಾವ ಕಂಟ್ರೋಲರ್ ಇದೆ, ಟೂಲ್ ಆಫ್‌ಸೆಟ್ ನಾವೇ ಕೊಡಬೇಕೇ ಎಂದು.