43 ಇಂಚಿನ ಟಿ.ವಿ.ಗೆ ಎರಡು ವರ್ಷದ ಹೆಚ್ಚುವರಿ ವಾರಂಟಿ: ₹999 ಸಾಕಾಗುತ್ತದೆಯೇ?

ಕೇಳಿದವರು: ಟಿ.ವಿ. ಅಂಗಡಿಯ ಮಾಲೀಕರು, ದಾವಣಗೆರೆ

ಅಶೋಕ ರಸ್ತೆಯಲ್ಲಿ ನಮ್ಮ ಅಂಗಡಿ ಇದೆ, ಹಿಂಭಾಗದಲ್ಲಿ ರಿಪೇರಿ ವಿಭಾಗವೂ ಇದೆ. ₹30,000 ಆಸುಪಾಸಿನ 43 ಇಂಚಿನ ಟಿ.ವಿ.ಗಳಿಗೆ, ಕಂಪನಿಯ ಒಂದು ವರ್ಷ ಮುಗಿದ ಮೇಲೆ, ನಮ್ಮ ಕಡೆಯಿಂದಲೇ ಇನ್ನೆರಡು ವರ್ಷ ವಾರಂಟಿ ಕೊಡಬೇಕೆಂದಿದ್ದೇನೆ. ಹಿಂದೆ ಒಂದೇ ವರ್ಷದಲ್ಲಿ ಮಾರಿದ 200 ಟಿ.ವಿ.ಗಳ ಎರಡು ಮತ್ತು ಮೂರನೆಯ ವರ್ಷದ ರಿಪೇರಿ ಬಿಲ್ಲುಗಳನ್ನು ತೆಗೆದು ನೋಡಿದೆ. ಬಿಡಿಭಾಗ, ಮೆಕ್ಯಾನಿಕ್ ಕೂಲಿ ಸೇರಿ ನಮಗೆ ತಗುಲಿದ ಖರ್ಚು ₹71,800, ಅಂದರೆ ಒಂದು ಟಿ.ವಿ.ಗೆ ₹359. ₹999 ದರ ಇಟ್ಟರೆ ಕೈ ಕಚ್ಚುವುದಿಲ್ಲ ಎನಿಸುತ್ತದೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಸರ್ವಿಸ್ ಸೆಂಟರ್ ನಡೆಸುವವರು, ಚಿತ್ರದುರ್ಗ

ಸರ್, ನಾನು ಇಂಥದ್ದೇ ಯೋಜನೆಯನ್ನು ಆರು ವರ್ಷ ನಡೆಸಿದ್ದೇನೆ, ಮೊದಲ ಎರಡು ವರ್ಷ ನಷ್ಟದಲ್ಲೇ ನಡೆಸಿದೆ. ದರದ ಮಾತಿಗೆ ಮೊದಲು ಒಂದು ವಿಷಯ ತಿಳಿಸಿ. ನಿಮ್ಮ ಬಿಲ್ಲುಗಳಲ್ಲಿ ಪ್ಯಾನಲ್ ಬದಲಾಯಿಸಿದ ಬಿಲ್ಲು ಎಷ್ಟಿವೆ? ಒಂದೂ ಇಲ್ಲವೆಂದು ನನ್ನ ಊಹೆ. ಹಾಗಿದ್ದರೆ ಬಿಲ್ ಪುಸ್ತಕವನ್ನು ಪಕ್ಕಕ್ಕಿಟ್ಟು ಎಸ್ಟಿಮೇಟ್ ಪುಸ್ತಕ ತೆಗೆಯಿರಿ. ಪ್ಯಾನಲ್ ಹೋಗಿದೆ, ₹17,000 ಆಗುತ್ತದೆ ಎಂದು ಹೇಳಿದಾಗ ಗ್ರಾಹಕರು "ಬೇಡ ಬಿಡಿ, ಅದಕ್ಕಿಂತ ಹೊಸದೇ ತಗೊಳ್ತೀವಿ" ಎಂದು ಹೊರಟುಹೋಗಿರುತ್ತಾರೆ. ಆ ರಿಪೇರಿ ನಡೆಯಲಿಲ್ಲವಾದ್ದರಿಂದ ಬಿಲ್ಲೂ ಇಲ್ಲ, ನಿಮ್ಮ ಸರಾಸರಿಯಲ್ಲೂ ಇಲ್ಲ. ಅವರ ಕೈಯಲ್ಲಿ ನಿಮ್ಮ ವಾರಂಟಿ ಕಾರ್ಡ್ ಇದ್ದಿದ್ದರೆ ಅವರಲ್ಲಿ ಒಬ್ಬರೂ ಬೇಡವೆನ್ನುತ್ತಿರಲಿಲ್ಲ.

ಮೊಬೈಲ್ ಮತ್ತು ಟಿ.ವಿ. ಮಾರಾಟಗಾರರು, ಹರಿಹರ

ಇಷ್ಟೊಂದು ಪುಸ್ತಕ ತಿರುವಿಹಾಕುವ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ಮೊದಲ ವರ್ಷ ಕಂಪನಿ ವಾರಂಟಿಯಲ್ಲಿ ನಿಮ್ಮ ಅಂಗಡಿಯಿಂದ ಎಷ್ಟು ದೂರು ಹೋಗಿವೆಯೋ ಅದನ್ನು ಎಣಿಸಿ. ನೀವು ಕೊಡುವುದು ಎರಡು ವರ್ಷವಾದ್ದರಿಂದ ಅದನ್ನು ಎರಡರಿಂದ ಗುಣಿಸಿ. ಉಚಿತ ರಿಪೇರಿ ಇದ್ದಾಗ ಜನ ಎಷ್ಟು ಸಲ ಬರುತ್ತಾರೆ ಎಂಬುದು ಅದರಲ್ಲೇ ಸಿಗುತ್ತದೆ.

ಸರ್ವಿಸ್ ಸೆಂಟರ್ ನಡೆಸುವವರು, ಚಿತ್ರದುರ್ಗ

ಉಚಿತವಿದ್ದಾಗ ಎಲ್ಲರೂ ಬರುತ್ತಾರೆ ಎಂಬ ನಿಮ್ಮ ಮಾತು ನಿಜ, ಆ ಎಣಿಕೆಯಿಂದ ಅಷ್ಟರಮಟ್ಟಿಗೆ ಉಪಯೋಗವಿದೆ. ಆದರೆ ಮೊದಲ ವರ್ಷದಲ್ಲಿ ಕೆಡುವ ಟಿ.ವಿ.ಗಳಲ್ಲಿ ಬಹಳಷ್ಟು ಕಾರ್ಖಾನೆಯಲ್ಲೇ ದೋಷ ಹೊತ್ತು ಬಂದವು. ಸಡಿಲ ಬೆಸುಗೆ, ಸಾಗಾಟದಲ್ಲಿ ಬಿದ್ದ ಪೆಟ್ಟು, ಸಾಫ್ಟ್‌ವೇರ್ ತಕರಾರು ಮುಂತಾದವು ಮೊದಲ ಕೆಲವು ತಿಂಗಳಲ್ಲೇ ಹೊರಬೀಳುತ್ತವೆ. ನಮ್ಮ ಹೊಣೆ ಶುರುವಾಗುವುದು ಅವು ಮುಗಿದ ಮೇಲೆ. ಆಗ ಬರುವುದು ದಿನಕ್ಕೆ ಎಂಟು ಹತ್ತು ಗಂಟೆ ಉರಿದು ಸವೆದ ಬ್ಯಾಕ್‌ಲೈಟ್ ಪಟ್ಟಿ, ಬಿಸಿಗೆ ಉಬ್ಬಿದ ಕೆಪಾಸಿಟರ್, ಗೆರೆ ಬೀಳುವ ಪ್ಯಾನಲ್. ಹಾಗಾಗಿ ಮೊದಲ ವರ್ಷವನ್ನು ದ್ವಿಗುಣಗೊಳಿಸಿದರೆ ದೂರುಗಳ ಸಂಖ್ಯೆ ಹತ್ತಿರ ಬಂದರೂ ಬರಬಹುದು, ಖರ್ಚು ಮಾತ್ರ ಹೊಂದುವುದಿಲ್ಲ.

ಗೃಹಿಣಿ, ವಿದ್ಯಾನಗರ, ದಾವಣಗೆರೆ

ನಮ್ಮ ಫ್ರಿಜ್ಜಿಗೆ ಹೆಚ್ಚುವರಿ ವಾರಂಟಿ ತೆಗೆದುಕೊಂಡಿದ್ದೆವು. ಕಂಪ್ರೆಸರ್‌ಗೆ ಹತ್ತು ವರ್ಷ ಎಂದು ಬಾಗಿಲ ಮೇಲೆ ಅಂಟಿಸಿದ್ದರು, ಅದು ಕೆಟ್ಟಾಗ ಕಂಪ್ರೆಸರ್ ಮಾತ್ರ ಉಚಿತ, ಗ್ಯಾಸು ಮತ್ತು ಕೂಲಿಗೆ ಹಣ ಕೊಡಿ ಎಂದರು. ಹೆಚ್ಚುವರಿ ವಾರಂಟಿಯವರನ್ನು ಕೇಳಿದರೆ ಕಂಪ್ರೆಸರ್ ಕಂಪನಿಯ ಹೊಣೆ, ನಮ್ಮದಲ್ಲ ಎಂದರು. ಇಬ್ಬರ ನಡುವೆ ಹಾಲು, ತರಕಾರಿ ಎಲ್ಲ ಕೆಟ್ಟುಹೋಯಿತು. ಇಂಥ ವಾರಂಟಿ ತೆಗೆದುಕೊಳ್ಳದಿರುವುದೇ ಒಳ್ಳೆಯದು.

ಸರ್ವಿಸ್ ಸೆಂಟರ್ ನಡೆಸುವವರು, ಚಿತ್ರದುರ್ಗ

ಮೇಡಂ, ಇಲ್ಲಿ ಕೇಳಿರುವುದು ಮಾರುವವರ ಕಡೆಯ ಲೆಕ್ಕ. ಆದರೂ ನಿಮ್ಮ ಅನುಭವ ಅವರಿಗೆ ಬೇಕಾದದ್ದೇ. ಏನು ಸೇರಿಲ್ಲ ಎಂಬುದನ್ನು ಕಾರ್ಡಿನ ಮುಂಭಾಗದಲ್ಲೇ ದೊಡ್ಡ ಅಕ್ಷರದಲ್ಲಿ ಬರೆಯದೆ, ಕ್ಲೇಮ್ ಬಂದಾಗ ಇಲ್ಲವೆಂದು ಉಳಿಸುವ ಹಣವನ್ನು ದರದ ಲೆಕ್ಕಕ್ಕೆ ಸೇರಿಸಿಕೊಳ್ಳಲೇಬಾರದು. ಆ ಹಣ ಗ್ರಾಹಕರ ಆಯೋಗದ ಮೆಟ್ಟಿಲ ಮೇಲೆ ಖರ್ಚಾಗುತ್ತದೆ.

ಕೇಳಿದವರು

ನಿಮ್ಮ ಊಹೆ ಸರಿಯಾಯಿತು. ಪ್ಯಾನಲ್ ಬಿಲ್ಲು ಒಂದೂ ಇಲ್ಲ. ಎಸ್ಟಿಮೇಟ್ ಪುಸ್ತಕದ ಕಾರ್ಬನ್ ಪ್ರತಿಗಳಲ್ಲಿ ಅದೇ 200 ಟಿ.ವಿ.ಗಳಿಗೆ ಸೇರಿದ ನಾಲ್ಕು ಸಿಕ್ಕವು, ನಾಲ್ಕರ ಮೇಲೂ ನಮ್ಮ ಹುಡುಗ ಪೆನ್ಸಿಲಿನಲ್ಲಿ "ಬೇಡ" ಎಂದು ಬರೆದು ಸುತ್ತು ಹಾಕಿದ್ದಾನೆ. ನಾಲ್ಕಕ್ಕೆ ₹17,000ದಂತೆ ₹68,000 ಆಗುತ್ತದೆ. ಎಲ್ಲ ಬಿಲ್ಲುಗಳ ಮೊತ್ತಕ್ಕೇ ಇದು ಸಮನಾಯಿತಲ್ಲ! ಒಂದು ಟಿ.ವಿ.ಗೆ ₹359 ಇದ್ದದ್ದು ₹699ಕ್ಕೆ ಏರಿತು.

ಸರ್ವಿಸ್ ಸೆಂಟರ್ ನಡೆಸುವವರು, ಚಿತ್ರದುರ್ಗ

ಅಲ್ಲಿಗೇ ನಿಲ್ಲುವುದಿಲ್ಲ ಸರ್. ದುಡ್ಡು ಕೊಟ್ಟು ರಿಪೇರಿ ಮಾಡಿಸುವವರು ಎಲ್ಲರೂ ನಿಮ್ಮಲ್ಲಿಗೇ ಬಂದಿರುವುದಿಲ್ಲ, ಮನೆಯ ಹತ್ತಿರದ ಮೆಕ್ಯಾನಿಕ್ ಬಳಿ ಹೋದವರೂ ಇರುತ್ತಾರೆ. ನಾನು 60 ಹಳೆಯ ಗ್ರಾಹಕರಿಗೆ ಫೋನ್ ಮಾಡಿಸಿ ಕೇಳಿದಾಗ, ನಮ್ಮಲ್ಲಿಗೆ ಬಂದ ಪ್ರತಿ ಎರಡು ರಿಪೇರಿಗೆ ಬೇರೆಡೆ ಹೋದದ್ದು ಒಂದು ಇತ್ತು. ನಿಮ್ಮ ಊರಿನ ಪ್ರಮಾಣ ಬೇರೆ ಇರಬಹುದು, ನೀವೇ ಫೋನ್ ಮಾಡಿಸಿ ನೋಡಿ. ಸದ್ಯಕ್ಕೆ ನನ್ನ ಪ್ರಮಾಣವನ್ನೇ ಹಿಡಿದರೆ ₹699ಕ್ಕೆ ಅದರ ಅರ್ಧ ಸೇರಿ ಸುಮಾರು ₹1,049 ಆಗುತ್ತದೆ. ಇಂದು ಮಾರಿದ ವಾರಂಟಿಯ ಕ್ಲೇಮುಗಳು ಸರಾಸರಿ ಎರಡು ವರ್ಷ ಕಳೆದು ಬರುವುದರಿಂದ ಆ ಹೊತ್ತಿನ ಬಿಡಿಭಾಗದ ಬೆಲೆ, ಕೂಲಿಗೆ ನೂರಕ್ಕೆ ಹತ್ತು ಸೇರಿಸಿ. ಒಟ್ಟು ₹1,150 ಎಂದಿಟ್ಟುಕೊಳ್ಳೋಣ.

ಈಗ ಇನ್ನೊಂದು ಕಡೆ ನೋಡಿ. ಗ್ರಾಹಕರು ಕೊಡುವ ₹999ರಲ್ಲಿ ನೂರಕ್ಕೆ 18ರ ಜಿ.ಎಸ್.ಟಿ. ಒಳಗೊಂಡಿದ್ದರೆ ನಿಮ್ಮ ಪಾಲಿಗೆ ಉಳಿಯುವುದು ₹847 ಮಾತ್ರ. ಕೌಂಟರಿನ ಹುಡುಗನಿಗೆ ₹150 ಕಮಿಷನ್ ಕೊಟ್ಟರೆ ₹697 ಆಯಿತು. ಅಂದರೆ ಪ್ರತಿ ಕಾರ್ಡಿಗೆ ₹450ಕ್ಕೂ ಹೆಚ್ಚು ಕೈಯಿಂದ ಹೋಗುತ್ತದೆ. ₹1,999 ಇಟ್ಟರೆ ತೆರಿಗೆ ಕಳೆದು ₹1,694, ಕಮಿಷನ್ನಿಗೆ ₹150, ಕಾಗದಪತ್ರ ಮತ್ತು ಫೋನಿಗೆ ₹100 ಕಳೆದು ₹1,444 ಉಳಿಯುತ್ತದೆ. ಕ್ಲೇಮಿಗೆ ₹1,150 ಹೋದರೆ ನಿಮಗೆ ₹294.

ಲೆಕ್ಕಪತ್ರ ನೋಡುವವರು, ಪಿ.ಜೆ. ಬಡಾವಣೆ, ದಾವಣಗೆರೆ

ಒಂದು ತಿದ್ದುಪಡಿ. ವಾರಂಟಿಯ ಮೇಲೆ ಜಿ.ಎಸ್.ಟಿ. ಕಟ್ಟುತ್ತಿದ್ದರೆ, ಆ ವಾರಂಟಿಗಾಗಿ ಕೊಳ್ಳುವ ಬಿಡಿಭಾಗಗಳ ಮೇಲಿನ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ದೊರೆಯುತ್ತದೆ. ಕೇಳಿದವರ ₹71,800ರಲ್ಲಿ ಆ ತೆರಿಗೆ ಸೇರಿದ್ದರೆ ನಿಜವಾದ ಖರ್ಚು ಇನ್ನಷ್ಟು ಕಡಿಮೆ. ಬಿಲ್ಲಿಲ್ಲದೆ ಕೊಂಡ ಹಳೆಯ ಬೋರ್ಡುಗಳಿಗೆ ಮಾತ್ರ ಈ ಕ್ರೆಡಿಟ್ ಇಲ್ಲ, ರಿಪೇರಿ ವಿಭಾಗದಲ್ಲಿ ಅಂಥವು ಎಷ್ಟಿರುತ್ತವೆ ಎಂಬುದನ್ನು ಅವರೇ ಬಲ್ಲರು.

ವಿಮಾ ಕಂಪನಿಯಿಂದ ನಿವೃತ್ತರಾದವರು, ಹಿರಿಯೂರು

₹294 ಉಳಿಯುವುದು ಸರಾಸರಿಯ ಮಾತು, ಚಿಕ್ಕ ಅಂಗಡಿಗೆ ಸರಾಸರಿ ಪ್ರತಿ ವರ್ಷವೂ ಒಲಿಯುವುದಿಲ್ಲ. ವರ್ಷಕ್ಕೆ 150 ಕಾರ್ಡ್ ಮಾರಿದಿರಿ ಎನ್ನೋಣ. ಸಿಕ್ಕ ನಾಲ್ಕಕ್ಕೆ ಬೇರೆಡೆ ಹೋದ ಅರ್ಧವನ್ನೂ ಸೇರಿಸಿದರೆ 200ಕ್ಕೆ ಆರು, ಅಂದರೆ ನೂರಕ್ಕೆ ಮೂರು. ಈ ಲೆಕ್ಕದ ಪ್ರಕಾರ ಅವುಗಳಲ್ಲಿ ನಾಲ್ಕೈದು ಪ್ಯಾನಲ್ ಹೋಗಬೇಕು. ಆದರೆ ಎಂಟು ಅಥವಾ ಅದಕ್ಕೂ ಹೆಚ್ಚು ಹೋಗುವ ಸಂಭವ ಹೆಚ್ಚುಕಡಿಮೆ ಹನ್ನೆರಡರಲ್ಲಿ ಒಂದು, ಇದೇನು ಅಪರೂಪವಲ್ಲ. ಬೆಲೆಯೇರಿಕೆ ಸೇರಿ ಒಂದು ಪ್ಯಾನಲ್ ₹18,700 ಆದರೆ, ನಿರೀಕ್ಷೆಗಿಂತ ಮೂರೂವರೆ ಹೆಚ್ಚಾದಾಗ ಸುಮಾರು ₹65,000 ಹೆಚ್ಚಿಗೆ ಬೇಕು. 150 ಕಾರ್ಡುಗಳ ಒಟ್ಟು ಲಾಭವೇ ₹44,000. ಬೋರ್ಡುಗಳ ಖರ್ಚು ಇಷ್ಟು ಜೋಲಿ ಹೊಡೆಯುವುದಿಲ್ಲ, ಏಕೆಂದರೆ ಅವು ಹೆಚ್ಚು ಸಂಖ್ಯೆಯಲ್ಲಿ ಚಿಕ್ಕ ಮೊತ್ತಕ್ಕೆ ಬರುತ್ತವೆ. ಆದ್ದರಿಂದ ಬೋರ್ಡು, ಬ್ಯಾಕ್‌ಲೈಟುಗಳನ್ನು ಸ್ವಂತ ಹೊಣೆಯಲ್ಲಿಟ್ಟುಕೊಂಡು ಪ್ಯಾನಲನ್ನು ಮಾತ್ರ ವಿಮಾ ಕಂಪನಿಯ ಗುಂಪು ಪಾಲಿಸಿಗೆ ವಹಿಸುವುದು ನನಗೆ ಸರಿಯೆನಿಸುತ್ತದೆ. ಅವರು ಒಂದು ಅಂಗಡಿಗೆ ಒಪ್ಪುವುದು ಕಷ್ಟ, ಜಿಲ್ಲೆಯ ನಾಲ್ಕೈದು ಅಂಗಡಿಗಳು ಸೇರಿ ಕೇಳಿದರೆ ಮಾತು ಮುಂದುವರಿಯಬಹುದು.

ಟಿ.ವಿ. ಮೆಕ್ಯಾನಿಕ್, ಚಳ್ಳಕೆರೆ

ಪಂಪ್‌ಸೆಟ್ಟಿನ ಲೈನಿಗೆ ಹತ್ತಿರವಿರುವ ಹಳ್ಳಿಗಳ ಮಾತು ಯಾರೂ ಎತ್ತಲಿಲ್ಲ. ವೋಲ್ಟೇಜ್ ಏರಿಳಿತ ಕಂಡವರೇ ವಾರಂಟಿ ಇದೆಯೇ ಎಂದು ಕೇಳಿ ತೆಗೆದುಕೊಳ್ಳುತ್ತಾರೆ, ಪಟ್ಟಣದವರು ಬೇಡವೆನ್ನುತ್ತಾರೆ. ಕೇಳಿದವರಿಗಷ್ಟೇ ಮಾರಿದರೆ ಈ ಯಾವ ಸರಾಸರಿಯೂ ನಿಲ್ಲುವುದಿಲ್ಲ. ಕೌಂಟರಿಗೆ ಬಂದ ಪ್ರತಿಯೊಬ್ಬರಿಗೂ ಹೇಳಿ ಮಾರಬೇಕು.

ಸಿಡಿಲು, ಹೈ ವೋಲ್ಟೇಜಿನ ಹಾನಿ ಸೇರಿಲ್ಲವೆಂದು ಬರೆಯುವುದಾದರೆ ಅದನ್ನು ಗುರುತಿಸುವ ವಿಧಾನವನ್ನೂ ನಿಮ್ಮ ಹುಡುಗರಿಗೆ ಕಲಿಸಿ. ಪವರ್ ಬೋರ್ಡಿನಲ್ಲಿ ಕರೆಂಟ್ ಒಳಬರುವ ಕಡೆ ಫ್ಯೂಸಿನ ಪಕ್ಕ ನೀಲಿ ಬಿಲ್ಲೆಯಂಥ ವೇರಿಸ್ಟರ್ ಇರುತ್ತದೆ. ಅದು ಸೀಳಿ, ಸುತ್ತ ಮಸಿ ಹಿಡಿದು, ಫ್ಯೂಸಿನ ಗಾಜು ಕಪ್ಪಾಗಿದ್ದರೆ ಹೊರಗಿನಿಂದ ಹೈ ವೋಲ್ಟೇಜ್ ಬಂದಿದೆ ಎಂದರ್ಥ. ವೇರಿಸ್ಟರ್ ಸರಿಯಿದ್ದು ಕೆಪಾಸಿಟರಿನ ತಲೆ ಉಬ್ಬಿದ್ದರೆ ಅದು ಸವೆತ, ನೀವು ಮಾಡಿಕೊಡಲೇಬೇಕು. ಬೋರ್ಡ್ ಬಿಚ್ಚಿದ ಕೂಡಲೇ ಗ್ರಾಹಕರ ಎದುರಿನಲ್ಲೇ ಫೋಟೊ ತೆಗೆಯಿರಿ. ಸಿಡಿಲು ಡಿಶ್ ಕೇಬಲ್ ಅಥವಾ ಎಚ್.ಡಿ.ಎಂ.ಐ. ಮೂಲಕ ಬಂದಿದ್ದರೆ ವೇರಿಸ್ಟರ್ ನೋಡಿ ಏನೂ ತಿಳಿಯುವುದಿಲ್ಲ, ಅಲ್ಲಿ ಜಗಳ ತಪ್ಪಿದ್ದಲ್ಲ.

ಕೇಳಿದವರು

ಎಲ್ಲರಿಗೂ ಧನ್ಯವಾದ. ವಿಮಾ ಕಂಪನಿ ಒಪ್ಪುವವರೆಗೆ ಪ್ಯಾನಲ್‌ಗೆ ನಮ್ಮ ಹೊಣೆ ₹10,000ಕ್ಕೆ ಸೀಮಿತ ಎಂದು ಕಾರ್ಡಿನ ಮುಂಭಾಗದಲ್ಲೇ ಬರೆದರೆ ಹೇಗೆ? ಒಂದು ಪ್ಯಾನಲ್‌ನಲ್ಲಿ ₹8,700 ಉಳಿಯುತ್ತದೆ, ನೂರಕ್ಕೆ ಮೂರರಂತೆ ಪ್ರತಿ ಕಾರ್ಡಿಗೆ ₹261. ಆಗ ದರವನ್ನು ₹1,699ಕ್ಕೆ ಇಳಿಸಿದರೂ ಉಳಿಕೆ ಸುಮಾರು ₹300 ಹಾಗೆಯೇ ಇರುತ್ತದೆ. ಎಂಟು ಪ್ಯಾನಲ್ ಹೋದ ವರ್ಷವೂ ಹೆಚ್ಚುವರಿ ಖರ್ಚು ₹35,000 ಆಗುವುದರಿಂದ ಅಸಲು ಮುಳುಗುವುದಿಲ್ಲ. ಮೊದಲು ಈ ದೀಪಾವಳಿಯಲ್ಲಿ 50 ಕಾರ್ಡ್ ಮಾರಿ, ಫಲಿತಾಂಶ ನೋಡಿ ಮುಂದುವರಿಯುವ ಆಲೋಚನೆಯಿದೆ.

ಟಿ.ವಿ. ಮೆಕ್ಯಾನಿಕ್, ಚಳ್ಳಕೆರೆ

ಲೆಕ್ಕ ಕೂಡುತ್ತದೆ, ಜನ ಕೂಡುವುದಿಲ್ಲ. ₹8,700 ತಾವು ಸೇರಿಸಿ ಹಳೆಯ ಟಿ.ವಿ.ಗೆ ಪ್ಯಾನಲ್ ಹಾಕಿಸುವವರು ಬಹಳ ಕಡಿಮೆ. "ಆ ₹10,000 ನಗದು ಕೊಡಿ, ಹೊಸದಕ್ಕೆ ಸೇರಿಸಿಕೊಳ್ತೀವಿ" ಎಂದು ಕೂರುತ್ತಾರೆ. ಕೊಡುತ್ತೀರೋ ಇಲ್ಲವೋ ಎಂಬುದನ್ನು ಈಗಲೇ ತೀರ್ಮಾನಿಸಿ ಬರೆಯಿರಿ.

ಸರ್ವಿಸ್ ಸೆಂಟರ್ ನಡೆಸುವವರು, ಚಿತ್ರದುರ್ಗ

ನಗದು ಬೇಡ, ನಿಮ್ಮ ಅಂಗಡಿಯ ಹೊಸ ಟಿ.ವಿ.ಯ ಮೇಲೆ ರಿಯಾಯಿತಿಯಾಗಿ ಕೊಡಿ ಎನ್ನುತ್ತೇನೆ. ಮೆಕ್ಯಾನಿಕ್ ಅವರು ಒಪ್ಪಲಾರರು, ಇರಲಿ. 50 ಕಾರ್ಡುಗಳ ಪರೀಕ್ಷೆಯ ಬಗ್ಗೆ ಮಾತ್ರ ಎಚ್ಚರ. ಈ ದೀಪಾವಳಿಗೆ ಮಾರಿದ ಕಾರ್ಡಿನ ಮೊದಲ ಕ್ಲೇಮ್ ಬರುವುದು ಮುಂದಿನ ದೀಪಾವಳಿ ಕಳೆದ ಮೇಲೆ. ಅಲ್ಲಿಯವರೆಗೆ ಪೂರ್ತಿ ಹಣ ಲಾಭದಂತೆಯೇ ಕಾಣುತ್ತದೆ, ನಾನು ಮೊದಲ ವರ್ಷ ಅದರಲ್ಲೇ ಗೋಡೌನಿಗೆ ಮುಂಗಡ ಕೊಟ್ಟು ಸಿಕ್ಕಿಹಾಕಿಕೊಂಡೆ. ತೆರಿಗೆ, ಕಮಿಷನ್ ಕಳೆದು ಉಳಿದದ್ದನ್ನು ಬೇರೆ ಖಾತೆಗೆ ಹಾಕಿ, ಆ 50 ಕಾರ್ಡುಗಳ ಮೂರನೆಯ ವರ್ಷ ಮುಗಿಯುವವರೆಗೆ ಅದರಿಂದ ಕ್ಲೇಮಿನ ಹೊರತು ಬೇರೇನಕ್ಕೂ ತೆಗೆಯಬೇಡಿ.