ಐಸಿಎಂಪಿ ಮೂರನೇ ಲೇಯರಾ, ನಾಲ್ಕನೇದಾ?

ಮಂಡ್ಯ_ಬಿಸಿಎ: ಕಾಲೇಜಿನ ಟೆಸ್ಟಲ್ಲಿ ಐಸಿಎಂಪಿ ಯಾವ ಲೇಯರ್ ಅಂತ ಕೇಳಿದ್ದರು. ಟ್ರಾನ್ಸ್‌ಪೋರ್ಟ್ ಅಂತ ಬರೆದೆ, ಮಾರ್ಕ್ಸ್ ಹೋಯಿತು. ಆದರೆ ಸುಮ್ನೆ ಊಹಿಸಿ ಬರೆದದ್ದಲ್ಲ. ಮನೆ ರೌಟರ್‌ಗೆ ಪಿಂಗ್ ಮಾಡಿ `tcpdump -v` ನೋಡಿದ್ದೆ:

```
ttl 64, proto ICMP (1), length 84
```

ಐಪಿ ಪ್ಯಾಕೆಟ್ಟಿನ ಒಳಗೇ ಕೂತಿದೆ, ಹೆಡರಲ್ಲಿ ಅದರ ನಂಬರ್ 1. ಅದೇ ಜಾಗದಲ್ಲಿ ಟಿಸಿಪಿಗೆ 6, ಯುಡಿಪಿಗೆ 17. ಹಾಗಾದರೆ ಇದೂ ನಾಲ್ಕನೇದು ತಾನೇ?

ಹಳೇಕೇಬಲ್: ಪಿಂಗ್‌ಗೆ ಪೋರ್ಟ್ ನಂಬರ್ ಇಲ್ಲ. ಪೋರ್ಟ್ ಇಲ್ಲದ್ದು ಟ್ರಾನ್ಸ್‌ಪೋರ್ಟ್ ಅಲ್ಲ. ಅಷ್ಟೇ ವಿಷಯ.

ಅಂಗಡಿ_ನೆಟ್: ನಮ್ಮ ಅಂಗಡೀಲೂ ಇದೇ ತೊಂದರೆ ಸರ್. ಪಿಂಗ್ ಹೋಗುತ್ತೆ, ವೆಬ್‌ಸೈಟ್ ತೆರೆಯಲ್ಲ. ಯಾವ ಲೇಯರ್ ಸರಿ ಮಾಡಬೇಕು?

ಮೈಸೂರು_ರೌಟಿಂಗ್: ಅಂಗಡಿಯವರೇ, ನಿಮ್ಮದು ಬೇರೆ ವಿಷಯ. ಪಿಂಗನ್ನು ನಂಬರಿಗೆ ಮಾಡಿದ್ರಾ, ಹೆಸರಿಗಾ? ನಂಬರಿಗೆ ಮಾತ್ರ ಹೋಗುತ್ತಿದ್ದರೆ ಮೊದಲು ಡಿಎನ್‌ಎಸ್ ನೋಡಿ. ಬೇರೆ ಪೋಸ್ಟ್ ಹಾಕಿ, ಅಲ್ಲಿ ನೋಡೋಣ.

ತಮ್ಮಾ, ನೀನು ನೋಡಿದ್ದು ಸರಿ, ತೀರ್ಮಾನ ತಪ್ಪು. ಯಾರ ಬೆನ್ನ ಮೇಲೆ ಕೂತಿದೆ ಅನ್ನೋದರಿಂದ ಲೇಯರ್ ಹೇಳಕ್ಕಾಗಲ್ಲ. ಓಎಸ್‌ಪಿಎಫ್ ಕೂಡ ಐಪಿ ಒಳಗೇ ಕೂರುತ್ತೆ, ಅದರ ನಂಬರ್ 89. ಅದು ರೌಟರ್‌ಗಳು ದಾರಿ ಹಂಚಿಕೊಳ್ಳೋ ಕೆಲಸ ಮಾಡುತ್ತೆ, ಅದನ್ನ ಟ್ರಾನ್ಸ್‌ಪೋರ್ಟ್ ಅಂತೀಯಾ?

ಇದನ್ನ ಮಾಡಿ ನೋಡು. ಒಂದು ಕಿಟಕಿಯಲ್ಲಿ `tcpdump` ಓಡುತ್ತಿರಲಿ, ಇನ್ನೊಂದರಲ್ಲಿ:

```
traceroute -n 8.8.8.8
```

ದಾರಿ ಮಧ್ಯದ ರೌಟರ್‌ಗಳು ಟಿಟಿಎಲ್ ಮುಗೀತು ಅಂತ ಐಸಿಎಂಪಿ ವಾಪಸ್ ಕಳಿಸುತ್ತವೆ. ಲಿನಕ್ಸಲ್ಲಿ ನೀನು ಕಳಿಸಿದ್ದು ಯುಡಿಪಿ. ಅದನ್ನ ಆ ರೌಟರ್‌ಗಳು ತಮ್ಮದಾಗಿ ತಗೊಂಡಿಲ್ಲ, ಐಪಿ ಹೆಡರ್ ನೋಡಿ ಬಿಸಾಕಿ, ದೂರು ಕಳಿಸಿವೆ ಅಷ್ಟೇ. ಟ್ರಾನ್ಸ್‌ಪೋರ್ಟ್ ಆಗಿದ್ದರೆ ಮಾತುಕತೆ ಎರಡು ತುದಿಗಳ ನಡುವೆ ಇರಬೇಕಿತ್ತು, ಅಲ್ವಾ?

ಆ ದೂರಿನೊಳಗೆ ನಿನ್ನ ಪ್ಯಾಕೆಟ್ಟಿನ ಐಪಿ ಹೆಡರ್ ಮತ್ತು ಅದರ ನಂತರದ ಕನಿಷ್ಠ 8 ಬೈಟ್ ಇರುತ್ತೆ. ಯುಡಿಪಿ ಹೆಡರ್ ಇಡೀ 8 ಬೈಟೇ, ಪೋರ್ಟ್‌ಗಳು ಮೊದಲ ನಾಲ್ಕರಲ್ಲಿ ಬಂದುಬಿಡುತ್ತವೆ. ನಿನ್ನ ಕಂಪ್ಯೂಟರ್ ಅದನ್ನ ಓದಿಯೇ ಯಾವ ಪ್ರೋಗ್ರಾಮಿಗೆ ಹೇಳಬೇಕು ಅಂತ ಗೊತ್ತು ಮಾಡಿಕೊಳ್ಳುತ್ತೆ. 1981ರ ಆರ್‌ಎಫ್‌ಸಿ 792 ಕೂಡ, ಮೇಲಿನ ಪ್ರೋಟೋಕಾಲ್ ಥರ ಐಪಿಯನ್ನ ಬಳಸಿದರೂ ಇದು ಐಪಿಯ ಭಾಗವೇ ಅಂತ ಹೇಳುತ್ತೆ.

ಹಳೇಕೇಬಲ್ ಅವರೇ, ಪೋರ್ಟಿನ ಲೆಕ್ಕ ಇಲ್ಲಿ ಸರಿ ಬಿತ್ತು. ಆದರೆ ಬಿಜಿಪಿ ಟಿಸಿಪಿಯ 179ರಲ್ಲಿ ಓಡುತ್ತೆ, ಮಾಡೋದು ಮೂರನೇ ಲೇಯರಿನ ಕೆಲಸ.

ಹಳೇಕೇಬಲ್: ಅದನ್ನ ಒಪ್ಪಲ್ಲ. ಟಿಸಿಪಿ ಮೇಲೆ ಓಡುವ ಬಿಜಿಪಿ ನನಗೆ ಅಪ್ಲಿಕೇಶನ್ನೇ.

ಮಂಡ್ಯ_ಬಿಸಿಎ: ಈಗ ಓಡಿಸಿದೆ ಅಣ್ಣ. ಮೊದಲ ಉತ್ತರ ಕೊಟ್ಟಿದ್ದು 192.168.1.1, ನಾನು ಕಳಿಸಿದ್ದು 8.8.8.8ಗೆ! ಅರ್ಥ ಆಯಿತು. ಆದರೆ ಎಆರ್‌ಪಿಯಲ್ಲಿ ಐಪಿ ಹೆಡರೇ ಕಾಣಲಿಲ್ಲ, ಒಳಗೆ ಮಾತ್ರ ಐಪಿ ವಿಳಾಸ ಇದೆ. ಅದನ್ನ ಎಲ್ಲಿ ಹಾಕಲಿ?

ಮೈಸೂರು_ರೌಟಿಂಗ್: ಅಲ್ಲಿ ನಮ್ಮಲ್ಲೇ ಜಗಳ ಇದೆ. ನಾನು ಎರಡು ಅಂತೀನಿ, ಯಾಕಂದ್ರೆ ಅದು ರೌಟರ್ ದಾಟಿ ಆಚೆ ಹೋಗಲ್ಲ. ನಿನ್ನ ಪಠ್ಯಪುಸ್ತಕದಲ್ಲಿ ಏನಿದೆ ಮೊದಲು ನೋಡು.